99.83% ಅಕ್ಯುರಸಿ ಬಂದರೂ ಒಂದೇ ಒಂದು ವಂಚನೆ ಸಿಗಲಿಲ್ಲ! ಎಲ್ಲದಕ್ಕೂ ಒಂದೇ ಉತ್ತರ ಕೊಡುವ ಮಾಡೆಲ್‌ನ ಎಡವಟ್ಟು ಎಲ್ಲಿದೆ?

ಮೆಷಿನ್ ಲರ್ನಿಂಗ್ ಕಲಿಯುತ್ತಿರುವ ವಿದ್ಯಾರ್ಥಿಯೊಬ್ಬ ಕ್ರೆಡಿಟ್ ಕಾರ್ಡ್ ವಂಚನೆ ಪತ್ತೆ ಹಚ್ಚುವ ಪ್ರಾಜೆಕ್ಟ್ ಮುಗಿಸಿದ. ಅಕ್ಯುರಸಿ 99.83% ಬಂತು. ಖುಷಿಯಿಂದ ಫಲಿತಾಂಶ ತೆರೆದು ನೋಡಿದರೆ ಮಾಡೆಲ್ ಪ್ರತಿ ವಹಿವಾಟಿಗೂ 0, ಅಂದರೆ 'ಅಸಲಿ' ಎಂದೇ ಹೇಳಿತ್ತು. "ಇಷ್ಟು ಅಂಕ ಬಂದ ಮೇಲೂ ಹೀಗ್ಯಾಕೆ?" ಎಂದು ಆತ ತಲೆಕೆರೆದುಕೊಂಡು ಸಹಪಾಠಿಯನ್ನು ಕೇಳಿದ.

"ಆ ಅಂಕ ನಿನ್ನ ಮಾಡೆಲ್‌ದಲ್ಲ ಕಣೋ, ಡೇಟಾದ್ದು" ಎಂಬುದು ಸಹಪಾಠಿಯ ಮೊದಲ ಉತ್ತರ. ಆತ ಬಳಸಿದ್ದು ಕ್ಯಾಗಲ್‌ನಲ್ಲಿ ಸಿಗುವ ಪ್ರಸಿದ್ಧ ಡೇಟಾಸೆಟ್. 2013ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಕಾರ್ಡ್‌ದಾರರು ಎರಡು ದಿನ ನಡೆಸಿದ 2,84,807 ವಹಿವಾಟುಗಳು ಅದರಲ್ಲಿವೆ. ವಂಚನೆ ಕೇವಲ 492. ಪರೀಕ್ಷೆಗೆಂದು ಅದೇ ಪ್ರಮಾಣದಲ್ಲಿ ಐದನೇ ಒಂದು ಭಾಗ ತೆಗೆದಿಟ್ಟರೆ 56,962 ಸಾಲು, ಅದರಲ್ಲಿ ವಂಚನೆ 98. ಕಣ್ಣು ಮುಚ್ಚಿ ಎಲ್ಲವೂ ಅಸಲಿ ಎಂದರೂ 56,864 ಸರಿಯಾಗುತ್ತವೆ. ಅದೇ ಆ 99.83%.

ಇಲ್ಲಿ ಬಹಳಷ್ಟು ಮಂದಿ 'ಡೇಟಾ ಅಸಮತೋಲನ' ಎಂದು ತೀರ್ಮಾನಿಸಿ, ವಂಚನೆಯ ಸಾಲುಗಳನ್ನು ನಕಲು ಮಾಡಿ ಹೆಚ್ಚಿಸಲು ಹೊರಡುತ್ತಾರೆ. ಅದು ಆತುರವಾಯಿತು. 0 ಮತ್ತು 1 ಎಂಬ ಕೊನೆಯ ಉತ್ತರ ಬರುವ ಮೊದಲು ಮಾಡೆಲ್ ಪ್ರತಿ ಸಾಲಿಗೂ ಒಂದು ಸಂಭವನೀಯತೆ ಕೊಡುತ್ತದೆ. ಮೊದಲು ನೋಡಬೇಕಾದದ್ದು ಅದನ್ನು. ಸಹಪಾಠಿ ಬರೆದುಕೊಟ್ಟದ್ದು ಎರಡೇ ಸಾಲು:

```
p = model.predict(X_test).ravel()
print(p.min(), p.max(), p[y_test == 1].mean())
```

ಈಗ ದಾರಿ ಎರಡಾಗುತ್ತದೆ. ಎಲ್ಲ ಸಂಖ್ಯೆಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಮಾಡೆಲ್ ಏನೂ ಕಲಿತಿಲ್ಲ. ಬೇರೆ ಬೇರೆ ಇದ್ದರೆ ಅದು ಕಲಿತಿದೆ, ಉತ್ತರ ಓದುವಲ್ಲಿ ತಪ್ಪಾಗಿದೆ.

ಈ ಪ್ರಕರಣದಲ್ಲಿ ಕನಿಷ್ಠ ಸಂಖ್ಯೆ ಸೊನ್ನೆಯ ಹತ್ತಿರ, ಗರಿಷ್ಠ 0.99ರ ಹತ್ತಿರ ಬಂತು. ವಂಚನೆಯ ಸಾಲುಗಳ ಸರಾಸರಿಯೂ ಚೆನ್ನಾಗಿ ಮೇಲಿತ್ತು. ಹಾಗಾದರೆ ಎಲ್ಲಕ್ಕೂ 0 ಎಲ್ಲಿಂದ ಬಂತು? ಕೋಡ್‌ನ ಈ ಸಾಲಿನಿಂದ:

```
model.predict(X_test).argmax(axis=1)
```

`argmax` ಎಂದರೆ ಯಾವ ಕಾಲಂನಲ್ಲಿ ದೊಡ್ಡ ಸಂಖ್ಯೆ ಇದೆಯೋ ಅದರ ಕ್ರಮಸಂಖ್ಯೆ. ಎರಡು ಕಾಲಂ ಇದ್ದರೆ ಅದು ಸರಿ. ಆದರೆ ಈ ಮಾಡೆಲ್‌ನ ಕೊನೆಯಲ್ಲಿದ್ದದ್ದು ಒಂದೇ ಸಿಗ್ಮಾಯ್ಡ್, ಅಂದರೆ ಒಂದೇ ಕಾಲಂ. ಒಬ್ಬನೇ ಓಡಿದ ಓಟದಲ್ಲಿ ಗೆಲ್ಲುವವನು ಅವನೇ! ಸಂಭವನೀಯತೆ 0.01 ಇರಲಿ, 0.99 ಇರಲಿ, ಉತ್ತರ ಸದಾ 0. ಆ ಸಾಲಿನ ಬದಲು `(p > 0.5).astype(int)` ಎಂದು ಬರೆದೊಡನೆ ವಂಚನೆಗಳು ಕಾಣಿಸತೊಡಗಿದವು. ಡೇಟಾ ಅರ್ಧಕ್ಕರ್ಧ ಹಂಚಿಹೋಗಿದ್ದರೆ ಅಕ್ಯುರಸಿ 50% ಬಂದು ತಪ್ಪು ಕೂಡಲೇ ಸಿಕ್ಕಿಬೀಳುತ್ತಿತ್ತು. 99.83% ಅದನ್ನು ಮುಚ್ಚಿಟ್ಟಿತ್ತು.

ಇನ್ನು ಎಲ್ಲ ಸಂಖ್ಯೆಗಳೂ ಒಂದೇ ಆಗಿ, 0.0017ರ ಆಸುಪಾಸಿನಲ್ಲಿ ಬಂದಿದ್ದರೆ? ಅದು ವಂಚನೆಯ ಸರಾಸರಿ ಪ್ರಮಾಣ. ಆಗ ತರಬೇತಿಯ ಲಾಸ್ ಸಹ 0.0127ರ ಬಳಿ ಅಂಟಿಕೊಂಡಿರುತ್ತದೆ. ಪ್ರತಿ ಸಾಲಿಗೂ ಬರೀ ಆ ಸರಾಸರಿಯನ್ನೇ ಹೇಳಿದರೆ ಬರುವ ಲಾಸ್ ಅಷ್ಟೇ. ಅಂದರೆ ಮಾಡೆಲ್ ಇನ್‌ಪುಟ್ ಕಡೆ ನೋಡುತ್ತಲೇ ಇಲ್ಲ.

ಈ ಡೇಟಾದಲ್ಲಿ ಅದಕ್ಕೆ ಮೊದಲ ಶಂಕಿತ `Time` ಕಾಲಂ. `V1`ರಿಂದ `V28`ರವರೆಗಿನ ಕಾಲಂಗಳ ಬೆಲೆಗಳು ಬಹುತೇಕ ಒಂದಂಕಿಯವು. `Time` ಮಾತ್ರ 1,72,792 ಸೆಕೆಂಡ್‌ವರೆಗೆ ಹೋಗುತ್ತದೆ. ಅದನ್ನು ಹಾಗೇ ಕೊಟ್ಟರೆ ಮೊದಲ ಪದರದ ರೆಲು ಯೂನಿಟ್‌ಗಳು ಪ್ರತಿ ಸಾಲಿಗೂ ಸೊನ್ನೆ ಕೊಡುವ ಸ್ಥಿತಿಗೆ ತಳ್ಳಲ್ಪಟ್ಟು ಅಲ್ಲೇ ಉಳಿದುಬಿಡಬಹುದು. `StandardScaler` ಹಾಕಿ ಎಲ್ಲ ಕಾಲಂಗಳನ್ನೂ ಒಂದೇ ಅಳತೆಗೆ ತರಬೇಕು, ಅದೂ ತರಬೇತಿಯ ಡೇಟಾದಿಂದ ಮಾತ್ರ ಅಳತೆ ಕಲಿತು.

ಅದಾದ ಮೇಲೂ ಅನುಮಾನ ಉಳಿದರೆ, 10 ವಂಚನೆ, 10 ಅಸಲಿ ಸಾಲು ಆರಿಸಿ ಆ 20ರ ಮೇಲಷ್ಟೇ ತರಬೇತಿ ಕೊಟ್ಟು ನೋಡಬಹುದು. ಇಷ್ಟನ್ನೂ ಬಾಯಿಪಾಠ ಮಾಡಲಾಗದ ನೆಟ್‌ವರ್ಕ್‌ನ ದೋಷ ಅಸಮತೋಲನವಲ್ಲ, ಏಕೆಂದರೆ ಇಲ್ಲಿ ಅಸಮತೋಲನವೇ ಇಲ್ಲ. ಲೇಬಲ್, ಲರ್ನಿಂಗ್ ರೇಟ್ ಅಥವಾ ಕೊನೆಯ ಪದರವನ್ನು ಹುಡುಕಬೇಕು.

"ಹಾಗಾದರೆ ಕ್ಲಾಸ್ ವೇಯ್ಟ್ ಬೇಡವೇ ಬೇಡವೇ?" ಎಂದು ಆತ ಮತ್ತೆ ಕೇಳಿದ. ವಂಚನೆಗೆ 578 ಪಟ್ಟು ತೂಕ ಕೊಟ್ಟರೆ ಹೆಚ್ಚು ವಂಚನೆ ಸಿಗುತ್ತವೆ ನಿಜ, ಆದರೆ ಅಸಲಿ ವಹಿವಾಟುಗಳೂ ರಾಶಿ ರಾಶಿಯಾಗಿ ವಂಚನೆ ಎನಿಸಿಕೊಳ್ಳುತ್ತವೆ, ಮತ್ತು ಬರುವ ಸಂಭವನೀಯತೆಗಳು ಆಮೇಲೆ ನಿಜವಾದ ಸಂಭವನೀಯತೆಗಳಾಗಿ ಉಳಿಯುವುದಿಲ್ಲ. ಅದಕ್ಕಿಂತ 0.5 ಎಂಬ ಗೆರೆಯನ್ನು ಕೆಳಗಿಳಿಸಿ ನೋಡುವುದು ಸುಲಭ. ಗೆರೆ ಎಲ್ಲಿ ಹಾಕಬೇಕೆಂಬುದನ್ನು ಮಾತ್ರ ಆ 98 ವಂಚನೆಗಳಿರುವ ಪರೀಕ್ಷಾ ಡೇಟಾ ನೋಡಿ ನಿರ್ಧರಿಸುವಂತಿಲ್ಲ. ಅದಕ್ಕೆ ತರಬೇತಿಯ ಭಾಗದಿಂದಲೇ ಒಂದಿಷ್ಟು ಸಾಲು ಬೇರೆ ತೆಗೆದಿಡಬೇಕು.