ಆ ಮೈನಸ್ ಮುಕ್ಕಾಲು ಎಲ್ಲಿಂದ ಬಂತು?

1996ರ ಪೋಲೆಂಡ್ ಗಣಿತ ಒಲಿಂಪಿಯಾಡಿನ ಒಂದು ಲೆಕ್ಕ ಹೀಗಿದೆ. a, b, c ಎಂಬ ಮೂರು ಸಂಖ್ಯೆಗಳಿವೆ. ಮೂರನ್ನೂ ಕೂಡಿದರೆ 1. ಯಾವುದೂ −3/4ಕ್ಕಿಂತ ಕಡಿಮೆಯಿಲ್ಲ. ಹಾಗಿದ್ದರೆ

a/(a²+1) + b/(b²+1) + c/(c²+1) ≤ 9/10

ಎಂದು ಸಾಧಿಸಬೇಕು.

9/10 ಎಲ್ಲಿಂದ ಬಂತೆಂದು ಕಂಡುಹಿಡಿಯುವುದು ಸುಲಭ. ಮೂರೂ 1/3 ಆದರೆ ಒಂದೊಂದು ಪದವೂ 3/10 ಆಗುತ್ತದೆ, ಮೊತ್ತ 9/10. ಆದರೆ ಆ −3/4? ಸೊನ್ನೆಯೂ ಅಲ್ಲ, −1 ಕೂಡ ಅಲ್ಲ. ನನ್ನನ್ನು ಈ ಲೆಕ್ಕಕ್ಕೆ ಕಟ್ಟಿಹಾಕಿದ್ದು ಆ ಸಂಖ್ಯೆಯೇ.

ಮೂರು ಭಿನ್ನರಾಶಿಗಳನ್ನೂ ಒಂದೇ ಛೇದಕ್ಕೆ ತಂದು ಗುಣಿಸಹೊರಟರೆ ಹಾಳೆ ತುಂಬುತ್ತದೆ, ದಾರಿ ಕಾಣುವುದಿಲ್ಲ. ಡೆನ್ಮಾರ್ಕಿನ ಯೆನ್ಸನ್ 1906ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಸಮಾನತೆಯೂ ಇಲ್ಲಿ ನೇರವಾಗಿ ಒದಗುವುದಿಲ್ಲ. ಅದಕ್ಕೆ ವಕ್ರರೇಖೆ ಉದ್ದಕ್ಕೂ ಒಂದೇ ಕಡೆಗೆ ಬಾಗಿರಬೇಕು. x/(x²+1)ರ ರೇಖೆಯಾದರೋ ಸೊನ್ನೆಯ ಆಸುಪಾಸಿನಲ್ಲಿ ಬಲಕ್ಕೆ ಬೋರಲು ಹಾಕಿದ ಬಟ್ಟಲಿನಂತೆ, ಎಡಕ್ಕೆ ಅಂಗಾತ ಇಟ್ಟ ಬಟ್ಟಲಿನಂತೆ ಬಾಗಿದೆ.

ಸ್ಪರ್ಶಕದ ಉಪಾಯ ಬೇರೆ ಕಡೆಯಿಂದ ಹೊರಡುತ್ತದೆ. ಮೂರನ್ನೂ ಒಟ್ಟಿಗೆ ನೋಡುವುದು ಬಿಟ್ಟು ಒಂದೇ ಪದವನ್ನು ಕೈಗೆತ್ತಿಕೊಳ್ಳೋಣ. ಅದು ಯಾವುದಾದರೂ ಸರಳರೇಖೆಯ ಕೆಳಗೆ ಇದೆಯೆಂದು ತೋರಿಸಲು ಸಾಧ್ಯವೇ?

a/(a²+1) ≤ 3/10 + k(a − 1/3)

ಇಂಥದ್ದನ್ನೇ b, cಗಳಿಗೂ ಬರೆದು ಕೂಡಿ ನೋಡಿ. a+b+c = 1 ಆದ್ದರಿಂದ k ಇರುವ ಭಾಗಗಳೆಲ್ಲ ಸೇರಿ ಸೊನ್ನೆಯಾಗುತ್ತವೆ, ಬಲಗಡೆ 9/10 ಮಾತ್ರ ಉಳಿಯುತ್ತದೆ. k ಎಷ್ಟೇ ಇರಲಿ, ಮೊತ್ತದ ಮೇಲೆ ಅದರ ಪರಿಣಾಮವಿಲ್ಲ. ಹಾಗಾಗಿ ಅದನ್ನು ನಮಗೆ ಬೇಕಾದಂತೆ ಆರಿಸಿಕೊಳ್ಳುವ ಸ್ವಾತಂತ್ರ್ಯ ನಮ್ಮದು. ಈ ಉಪಾಯದ ಜೀವ ಇರುವುದು ಇಲ್ಲೇ.

ಸ್ವಾತಂತ್ರ್ಯ ಇದ್ದರೂ ಆಯ್ಕೆ ಒಂದೇ. a = 1/3ರಲ್ಲಿ ರೇಖೆಯೂ ವಕ್ರವೂ ಸಂಧಿಸುತ್ತವೆ. ಅಲ್ಲಿ ರೇಖೆ ವಕ್ರವನ್ನು ದಾಟಿಹೋದರೆ ಒಂದು ಬದಿಯಲ್ಲಿ ಅದು ಕೆಳಗಿಳಿದುಬಿಡುತ್ತದೆ, ಅಸಮಾನತೆ ಮುರಿಯುತ್ತದೆ. ಆದ್ದರಿಂದ ರೇಖೆ ದಾಟದೆ ಸವರಿಕೊಂಡು ಹೋಗಬೇಕು, ಅಂದರೆ ಸ್ಪರ್ಶಕವೇ ಆಗಬೇಕು. ವಕ್ರದ ಇಳಿಜಾರು (1−x²)/(1+x²)². x = 1/3 ಹಾಕಿದರೆ 18/25. ಅದೇ ನಮ್ಮ k. ರೇಖೆ (36a+3)/50 ಎಂದಾಗುತ್ತದೆ.

ಆದರೆ ಸ್ಪರ್ಶಕ ಸಿಕ್ಕಿತೆಂದ ಮಾತ್ರಕ್ಕೆ ಸಾಧನೆ ಮುಗಿಯಲಿಲ್ಲ. ಅದು ಸ್ಪರ್ಶಬಿಂದುವಿನ ಆಸುಪಾಸಿನ ಮಾತನ್ನಷ್ಟೇ ಹೇಳುತ್ತದೆ, ದೂರದಲ್ಲಿ ವಕ್ರ ಏನು ಮಾಡುತ್ತದೋ ಹೇಳುವುದಿಲ್ಲ. ಎಷ್ಟೋ ವಿದ್ಯಾರ್ಥಿಗಳು ಎಡವುವುದು ಈ ಹಂತದಲ್ಲಿ. ರೇಖೆಯಿಂದ ವಕ್ರವನ್ನು ಕಳೆಯಲೇಬೇಕು. ಕಳೆದರೆ ಅಂಶದಲ್ಲಿ 36a³ + 3a² − 14a + 3 ಬರುತ್ತದೆ. ಸ್ಪರ್ಶಕವಾದ್ದರಿಂದ ಇದರೊಳಗೆ (3a−1)² ಇದ್ದೇ ಇರಬೇಕು. ಇಲ್ಲದಿದ್ದರೆ ಎಲ್ಲೋ ಕೂಡುವುದು ಕಳೆಯುವುದರಲ್ಲಿ ತಪ್ಪಾಗಿದೆಯೆಂದೇ ಅರ್ಥ. ಭಾಗಿಸಿ ನೋಡಿದರೆ

(36a+3)/50 − a/(a²+1) = (3a−1)²(4a+3) / (50(a²+1))

ವರ್ಗ ಎಂದೂ ಋಣವಾಗದು, ಛೇದ ಯಾವಾಗಲೂ ಧನ. ಉಳಿದದ್ದು 4a+3. ಅದು ಋಣವಾಗದಿರಲು a ಕನಿಷ್ಠ −3/4 ಇರಬೇಕು. ಸಂಖ್ಯೆ ಬಂದದ್ದು ಇಲ್ಲಿಂದ! ಆ ಬಿಂದುವಿನಲ್ಲಿ ರೇಖೆಯ ಬೆಲೆಯೂ ವಕ್ರದ ಬೆಲೆಯೂ −0.48. ಅಲ್ಲಿಂದ ಎಡಕ್ಕೆ ಸರಿದು a = −1 ತೆಗೆದುಕೊಂಡರೆ ವಕ್ರ −0.5ರಲ್ಲಿದೆ, ರೇಖೆ −0.66ಕ್ಕೆ ಕುಸಿದಿದೆ. ಉಪಾಯ ಅಲ್ಲಿಗೆ ನಿಂತಿತು.

ಹಾಗಾದರೆ −3/4ರ ಆಚೆ ಅಸಮಾನತೆಯೇ ಸುಳ್ಳಾಗುತ್ತದೆಯೇ? ಇಲ್ಲ. ಆ ಷರತ್ತು ಬೇಕಾದದ್ದು ಈ ದಾರಿಗೆ, ಮೂಲ ಮಾತಿಗಲ್ಲ. ಇದನ್ನು ಕೈಯಾರೆ ನೋಡಬಹುದು. x/(x²+1) ಎಂದೂ 1/2 ಮೀರುವುದಿಲ್ಲ. a ಎಂಬುದು −9 ಮತ್ತು −3/4ರ ನಡುವೆ ಇದ್ದರೆ ಅದರ ಪದ −0.1ಕ್ಕಿಂತ ಕಡಿಮೆ. ಉಳಿದೆರಡು ಸೇರಿ ಹೆಚ್ಚೆಂದರೆ 1, ಆದ್ದರಿಂದ ಮೊತ್ತ 0.9ರ ಕೆಳಗೇ ಉಳಿಯುತ್ತದೆ. a ಇನ್ನೂ ಕೆಳಗೆ, −9ರ ಆಚೆ ಹೋದರೆ b+c 10ನ್ನು ದಾಟುತ್ತದೆ, ಎರಡರಲ್ಲಿ ದೊಡ್ಡದು 5ಕ್ಕಿಂತ ಹೆಚ್ಚು, ಅದರ ಪದ 5/26ಕ್ಕಿಂತ ಕಡಿಮೆ. ಇನ್ನೊಂದು ಹೆಚ್ಚೆಂದರೆ 1/2, aಯ ಪದವಂತೂ ಋಣ. ಮೊತ್ತ 0.7ನ್ನೂ ಮುಟ್ಟುವುದಿಲ್ಲ.