ದರವಾರು ತೆರಿಗೆ ಗೋಷ್ವಾರೆ: ಶೇಕಡಾ ಪಾಠಕ್ಕೊಂದು ಅಂಗಡಿ ಲೆಕ್ಕ

ಎಂಟನೇ ತರಗತಿಯ ಶೇಕಡಾ ಪಾಠದಲ್ಲಿ ಬರುವ ತೆರಿಗೆ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಒಂದು ವಸ್ತು, ಒಂದು ಬೆಲೆ, ಒಂದು ದರ ಇರುತ್ತದೆ. ಅಂಗಡಿಯ ಲೆಕ್ಕ ಹಾಗಿರುವುದಿಲ್ಲ. ಅಲ್ಲಿ ಒಂದೇ ಬಿಲ್ಲಿನಲ್ಲಿ ಎರಡು ಮೂರು ದರದ ವಸ್ತುಗಳಿರುತ್ತವೆ. ತಿಂಗಳ ಕೊನೆಗೆ ಪ್ರತಿ ದರದಲ್ಲಿ ಎಷ್ಟು ಮೊತ್ತದ ಮಾರಾಟವಾಯಿತು, ಅದಕ್ಕೆ ಎಷ್ಟು ತೆರಿಗೆ ಬಂತು ಎಂದು ಬೇರೆ ಬೇರೆಯಾಗಿ ತೆಗೆಯಬೇಕು. ಜಿಎಸ್‌ಟಿಯ ಮಾರಾಟ ವಿವರಪಟ್ಟಿ GSTR-1 ಕೇಳುವುದೂ ದರವಾರು ಅಂಕಿಗಳನ್ನೇ. ಅಭ್ಯಾಸ ಬೋಧನೆಯ ಅವಧಿಯಲ್ಲಿ ಈ ದರವಾರು ಗೋಷ್ವಾರೆಯನ್ನು ಎರಡು ತರಗತಿಗಳ ಚಟುವಟಿಕೆಯಾಗಿ ಮಾಡಿಸಿದೆ. ಅದನ್ನು ತಯಾರಿಸುವ ಕ್ರಮವನ್ನೂ ತಪ್ಪನ್ನು ಹಿಡಿಯುವ ಬಗೆಯನ್ನೂ ಇಲ್ಲಿ ವಿವರಿಸುತ್ತೇನೆ.

ತಿಂಗಳ ಆಯ್ಕೆ

ಚಟುವಟಿಕೆಗೆ 2025ರ ಸೆಪ್ಟೆಂಬರ್ ತಿಂಗಳನ್ನು ಆರಿಸಿಕೊಂಡೆ. ಆ ತಿಂಗಳ 22ರಿಂದ ಹಲವು ವಸ್ತುಗಳ ಜಿಎಸ್‌ಟಿ ದರ ಬದಲಾಯಿತು. ಜ್ಯಾಮಿತಿ ಪೆಟ್ಟಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಸ್ನಾನದ ಸಾಬೂನು ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಪೆನ್ನು ಶೇ. 18ರಲ್ಲೇ ಉಳಿಯಿತು. ಮುದ್ರಿತ ಪುಸ್ತಕಗಳಿಗೆ ಮೊದಲೂ ತೆರಿಗೆ ಇರಲಿಲ್ಲ, ಆಮೇಲೂ ಇಲ್ಲ. ಹೀಗಾಗಿ ಒಂದೇ ವಸ್ತು ಒಂದೇ ತಿಂಗಳಲ್ಲಿ ಎರಡು ದರಗಳಲ್ಲಿ ಕಾಣಿಸುತ್ತದೆ. ವಸ್ತುವಿನ ಹೆಸರು ನೋಡಿ ದರ ಊಹಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಬಿಲ್ಲಿನ ಆ ಸಾಲಿನಲ್ಲಿ ಯಾವ ದರ ಹಾಕಿದೆಯೋ ಅದನ್ನೇ ನೋಡಬೇಕು.

ವಹಿಗಳನ್ನು ನಾನೇ ಕಲ್ಪಿಸಿ ಬರೆದೆ. ಊರಿನ ಒಂದು ಸಣ್ಣ ಸ್ಟೇಷನರಿ ಅಂಗಡಿ, ಎಲ್ಲ ವ್ಯವಹಾರವೂ ಕರ್ನಾಟಕದೊಳಗೆ ಎಂದು ಇಟ್ಟುಕೊಂಡೆ. ಆದ್ದರಿಂದ ತೆರಿಗೆಯಲ್ಲಿ ಅರ್ಧ ಕೇಂದ್ರ ಜಿಎಸ್‌ಟಿ, ಅರ್ಧ ರಾಜ್ಯ ಜಿಎಸ್‌ಟಿ. ಹೊರರಾಜ್ಯದ ವ್ಯವಹಾರವಿದ್ದರೆ ಸಮಗ್ರ ಜಿಎಸ್‌ಟಿಗೆ ಇನ್ನೊಂದು ಕಾಲಂ ಬೇಕಾಗುತ್ತದೆ. ಎಂಟನೇ ತರಗತಿಗೆ ಅದನ್ನು ತರಲಿಲ್ಲ.

ಮಾರಾಟ ವಹಿ

| ದಿನಾಂಕ | ಬಿಲ್ | ವಸ್ತು | ದರ (ಶೇ.) | ತೆರಿಗೆಗೆ ಮುಂಚಿನ ಮೊತ್ತ (ರೂ.) | ತೆರಿಗೆ (ರೂ.) |
|---|---|---|---|---|---|
| ಸೆ. 4 | 101 | ಪೆನ್ನು | 18 | 2,000 | 360 |
| ಸೆ. 4 | 101 | ಜ್ಯಾಮಿತಿ ಪೆಟ್ಟಿಗೆ | 12 | 5,000 | 600 |
| ಸೆ. 12 | 102 | ಸಾಬೂನು | 18 | 3,000 | 540 |
| ಸೆ. 24 | 103 | ಜ್ಯಾಮಿತಿ ಪೆಟ್ಟಿಗೆ | 5 | 4,000 | 200 |
| ಸೆ. 24 | 103 | ಪೆನ್ನು | 18 | 1,500 | 270 |
| ಸೆ. 26 | 104 | ಸಾಬೂನು | 5 | 2,000 | 100 |
| ಸೆ. 26 | 104 | ಪುಸ್ತಕ | 0 | 1,000 | 0 |
| ಸೆ. 29 | ಕ್ರೆಡಿಟ್ ನೋಟ್ (ಬಿಲ್ 101) | ಜ್ಯಾಮಿತಿ ಪೆಟ್ಟಿಗೆ ವಾಪಸ್ | 12 | −500 | −60 |

ವಹಿಯಲ್ಲಿ ಒಂದು ಬಿಲ್ಲಿಗೆ ಒಂದು ಸಾಲು ಬರೆದರೆ ಗೋಷ್ವಾರೆ ಅಲ್ಲಿಗೇ ಕೆಡುತ್ತದೆ. ಬಿಲ್ 101ನ್ನು ಒಂದೇ ಸಾಲಿನಲ್ಲಿ ಬರೆದರೆ 7,000 ರೂಪಾಯಿಗೆ 960 ರೂಪಾಯಿ ತೆರಿಗೆ ಎಂದಾಗುತ್ತದೆ. ಭಾಗಿಸಿ ನೋಡಿದರೆ ಸುಮಾರು ಶೇ. 13.7. ಅಂಥ ಜಿಎಸ್‌ಟಿ ದರವೇ ಇಲ್ಲ. ಇದು 12 ಮತ್ತು 18ರ ಸರಾಸರಿಯಾದ 15 ಕೂಡ ಅಲ್ಲ. ಎರಡು ಮೊತ್ತಗಳು ಸಮನಾಗಿಲ್ಲದಿದ್ದಾಗ ದರಗಳ ಸರಾಸರಿ ತೆಗೆಯುವಂತಿಲ್ಲ ಎಂಬ ಪಾಠವನ್ನು ಈ ಬಿಲ್ಲೇ ಹೇಳಿಕೊಡುತ್ತದೆ. ಒಂದು ಬಿಲ್ಲಿನಲ್ಲಿ ಎಷ್ಟು ದರಗಳಿವೆಯೋ ವಹಿಯಲ್ಲಿ ಕನಿಷ್ಠ ಅಷ್ಟು ಸಾಲುಗಳಿರಬೇಕು.

ಗುಂಪು ಮಾಡುವುದು

ಮಕ್ಕಳು ಪ್ರತಿ ಸಾಲನ್ನೂ ಒಂದೊಂದು ಚೀಟಿಯಲ್ಲಿ ಬರೆದುಕೊಂಡು, ದರ ನೋಡಿ ನಾಲ್ಕು ಗುಂಪು ಮಾಡಿದರು. ಆಮೇಲೆ ಪ್ರತಿ ಗುಂಪಿನಲ್ಲಿ ಮೊತ್ತವನ್ನೂ ತೆರಿಗೆಯನ್ನೂ ಬೇರೆ ಬೇರೆಯಾಗಿ ಕೂಡಿದರು. ಕ್ರೆಡಿಟ್ ನೋಟಿನ ಚೀಟಿಯ ಬಳಿ ಮಾತ್ರ ಎಲ್ಲ ಗುಂಪುಗಳಲ್ಲೂ ಚರ್ಚೆ ನಡೆಯಿತು. “ಮಿಸ್, ಇದು 29ನೇ ತಾರೀಖಿನದು. ಆಗ ಜ್ಯಾಮಿತಿ ಪೆಟ್ಟಿಗೆಗೆ 5 ತಾನೇ?” ಎಂದು ಒಬ್ಬಳು ಕೇಳಿದಳು. ಕ್ರೆಡಿಟ್ ನೋಟ್ ಹೊಸ ಮಾರಾಟವಲ್ಲ, ಹಳೆಯ ಬಿಲ್ಲಿನ ತಿದ್ದುಪಡಿ. 4ನೇ ತಾರೀಖು ಗಿರಾಕಿಯಿಂದ ಶೇ. 12 ತೆಗೆದುಕೊಂಡ ಮೇಲೆ, ವಾಪಸ್ ಕೊಡುವಾಗಲೂ ಶೇ. 12ರ ಲೆಕ್ಕದಲ್ಲೇ ಕೊಡಬೇಕು. ಆದ್ದರಿಂದ ಅದು ಮೂಲ ಬಿಲ್ಲಿನ ದರದ ಗುಂಪಿಗೇ ಕಳೆಯುವ ಚಿಹ್ನೆಯೊಂದಿಗೆ ಸೇರುತ್ತದೆ.

ಖರೀದಿ ವಹಿಗೂ ಇದೇ ಕ್ರಮ. ಅದರಲ್ಲಿ ಮೂರು ಬಿಲ್ಲುಗಳಿದ್ದವು. 3ನೇ ತಾರೀಖು ಶೇ. 12ರಲ್ಲಿ 6,000 ರೂಪಾಯಿಯ ಜ್ಯಾಮಿತಿ ಪೆಟ್ಟಿಗೆ. 9ರಂದು ಶೇ. 18ರಲ್ಲಿ 3,000 ರೂಪಾಯಿಯ ಪೆನ್ನು ಮತ್ತು 2,000 ರೂಪಾಯಿಯ ಸಾಬೂನು. 25ರಂದು ಶೇ. 5ರಲ್ಲಿ 1,500 ರೂಪಾಯಿಯ ಸಾಬೂನು. ಎರಡೂ ವಹಿಗಳಿಂದ ಬಂದ ಗೋಷ್ವಾರೆ ಹೀಗಿದೆ.

| ದರ (ಶೇ.) | ಮಾರಾಟ ಮೊತ್ತ | ಮಾರಾಟದ ತೆರಿಗೆ | ಖರೀದಿ ಮೊತ್ತ | ಖರೀದಿಯ ತೆರಿಗೆ |
|---|---|---|---|---|
| 0 | 1,000 | 0 | – | – |
| 5 | 6,000 | 300 | 1,500 | 75 |
| 12 | 4,500 | 540 | 6,000 | 720 |
| 18 | 6,500 | 1,170 | 5,000 | 900 |
| ಒಟ್ಟು | 18,000 | 2,010 | 12,500 | 1,695 |

ತೆರಿಗೆ ಸೊನ್ನೆ ಎಂದು ಮೊದಲ ಸಾಲನ್ನು ಬಿಡುವಂತಿಲ್ಲ. ತೆರಿಗೆ ಇಲ್ಲದ ಮಾರಾಟವನ್ನೂ ವಿವರಪಟ್ಟಿಯಲ್ಲಿ ತೋರಿಸಬೇಕು. ಆ ಸಾಲನ್ನು ಬಿಟ್ಟರೆ ಒಟ್ಟು ಮಾರಾಟವೂ ತಾಳೆಯಾಗುವುದಿಲ್ಲ.

ಎರಡು ತಾಳೆ, ಎರಡು ಬಗೆಯ ತಪ್ಪು

ಮೊದಲನೆಯದು ದರದ ತಾಳೆ. ಪ್ರತಿ ಸಾಲಿನ ತೆರಿಗೆಯನ್ನು ಅದೇ ಸಾಲಿನ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿದರೆ ಆ ಸಾಲಿನ ದರವೇ ಬರಬೇಕು. 540ನ್ನು 4,500ರಿಂದ ಭಾಗಿಸಿದರೆ ಸರಿಯಾಗಿ ಶೇ. 12. ಒಂದು ಗುಂಪಿನವರು 24ನೇ ತಾರೀಖಿನ ಜ್ಯಾಮಿತಿ ಪೆಟ್ಟಿಗೆಯ ಚೀಟಿಯನ್ನು ಶೇ. 12ರ ಗುಂಪಿನಲ್ಲಿ ಇಟ್ಟಿದ್ದರು. ಅವರ ಸಾಲಿನಲ್ಲಿ ಮೊತ್ತ 8,500, ತೆರಿಗೆ 740 ಬಂತು. ಭಾಗಿಸಿದಾಗ ಸುಮಾರು ಶೇ. 8.7 ಬಂದದ್ದರಿಂದ ಚೀಟಿ ತಪ್ಪು ಗುಂಪಿಗೆ ಹೋಗಿದೆ ಎಂದು ಅವರಿಗೇ ಗೊತ್ತಾಯಿತು.

ಎರಡನೆಯದು ಬಿಲ್ಲಿನ ಒಟ್ಟು ಹಣದ ತಾಳೆ. ನಾಲ್ಕು ಬಿಲ್ಲುಗಳ ಒಟ್ಟು 7,960, 3,540, 5,970 ಮತ್ತು 3,100. ಕೂಡಿದರೆ 20,570. ಕ್ರೆಡಿಟ್ ನೋಟಿನ 560 ಕಳೆದರೆ 20,010. ಗೋಷ್ವಾರೆಯಲ್ಲಿ 18,000 ಮತ್ತು 2,010 ಸೇರಿದರೂ 20,010 ಬರಬೇಕು, ಬರುತ್ತದೆ.

ದರದ ತಾಳೆಯೊಂದೇ ಸಾಲದು. ಇನ್ನೊಂದು ಗುಂಪಿನವರು ಕ್ರೆಡಿಟ್ ನೋಟನ್ನು ಶೇ. 5ರ ಗುಂಪಿಗೆ ಹಾಕಿದ್ದಲ್ಲದೆ, ಅದರ ತೆರಿಗೆಯನ್ನೂ ಶೇ. 5ರಂತೆ 25 ಎಂದು ತಾವೇ ಲೆಕ್ಕ ಹಾಕಿದ್ದರು. ಆಗ ಶೇ. 5ರ ಸಾಲು 5,500ಕ್ಕೆ 275, ಶೇ. 12ರ ಸಾಲು 5,000ಕ್ಕೆ 600. ಎರಡರಲ್ಲೂ ದರ ಸರಿಯಾಗಿಯೇ ಬರುತ್ತದೆ. ಆದರೆ ಒಟ್ಟು ಹಣ 20,045 ಆಗಿ, ಬಿಲ್ಲುಗಳಿಗಿಂತ 35 ರೂಪಾಯಿ ಹೆಚ್ಚಾಯಿತು. ಈ 35ನ್ನೇ ಹಿಡಿದು ತಪ್ಪನ್ನು ಹುಡುಕಬಹುದು. 12ಕ್ಕೂ 5ಕ್ಕೂ ಇರುವ ಅಂತರ 7. ಯಾವ ಮೊತ್ತದ ಶೇ. 7ರಷ್ಟು 35 ಆಗುತ್ತದೆ? 500. ವಹಿಯಲ್ಲಿ 500 ಇರುವ ಸಾಲು ಒಂದೇ. ‘ಶೇಕಡಾ ಕೊಟ್ಟಾಗ ಮೂಲ ಮೊತ್ತ ಕಂಡುಹಿಡಿಯಿರಿ’ ಎಂಬ ಲೆಕ್ಕಕ್ಕೆ ಇಲ್ಲಿ ಒಂದು ಕೆಲಸ ಸಿಗುತ್ತದೆ.

ತೆರಿಗೆ ಸೇರಿದ ಬೆಲೆಯನ್ನೇ ಮೊತ್ತದ ಕಾಲಂನಲ್ಲಿ ಬರೆಯುವುದೂ ಹೀಗೆಯೇ ದರದ ತಾಳೆಯಿಂದ ನುಣುಚಿಕೊಳ್ಳುತ್ತದೆ. 26ನೇ ತಾರೀಖಿನ ಸಾಬೂನಿಗೆ ಗಿರಾಕಿ ಕೊಟ್ಟದ್ದು 2,100. ಅದನ್ನೇ ಮೊತ್ತವೆಂದು ಬರೆದು ಶೇ. 5ರಂತೆ 105 ತೆರಿಗೆ ಹಾಕಿದರೆ ಸಾಲಿನ ದರ ಸರಿಯಾಗಿಯೇ ಕಾಣುತ್ತದೆ, ಆದರೆ ಒಟ್ಟು ಹಣದಲ್ಲಿ 105 ಹೆಚ್ಚಾಗುತ್ತದೆ. 2,100 ರೂಪಾಯಿ ಮೂಲ ಮೊತ್ತದ ಶೇ. 105. ಆದ್ದರಿಂದ 2,100ನ್ನು 105ರಿಂದ ಭಾಗಿಸಿ 100ರಿಂದ ಗುಣಿಸಿದರೆ ಮೂಲ ಮೊತ್ತ 2,000 ಸಿಗುತ್ತದೆ.

ಎರಡೂ ತಾಳೆಗಳಿಗೆ ಸಿಗದ ತಪ್ಪೆಂದರೆ ಬಿಲ್ಲೇ ವಹಿಗೆ ಏರದಿರುವುದು. ಮಾರಾಟದಲ್ಲಿ ಅದನ್ನು ಬಿಲ್ ಸಂಖ್ಯೆಗಳ ಸರಣಿ ನೋಡಿ ಹಿಡಿಯಬೇಕು. 102 ಆದಮೇಲೆ 104 ಬಂದರೆ 103 ಎಲ್ಲಿ ಎಂದು ಕೇಳಬೇಕು. ಖರೀದಿಯ ಬಿಲ್ ಸಂಖ್ಯೆಗಳು ಬೇರೆ ಬೇರೆ ವ್ಯಾಪಾರಿಗಳವು, ಅಲ್ಲಿ ಸರಣಿ ಇರುವುದಿಲ್ಲ. ಅದನ್ನು ಜಿಎಸ್‌ಟಿ ಪೋರ್ಟಲ್‌ನ GSTR-2B ಪಟ್ಟಿಯೊಂದಿಗೆ ಹೋಲಿಸಬೇಕು. ಮಾರಿದವರು ತಮ್ಮ ವಿವರಪಟ್ಟಿಯಲ್ಲಿ ತೋರಿಸಿದ ಬಿಲ್ಲುಗಳು ಅಲ್ಲಿ ಕಾಣುತ್ತವೆ.

ಶೇ. 12ರ ಸಾಲಿನ ಪ್ರಶ್ನೆ

ಮಾರಾಟದ ತೆರಿಗೆ 2,010. ಖರೀದಿಯಲ್ಲಿ ಅಂಗಡಿಯವರು ಈಗಾಗಲೇ ಕೊಟ್ಟಿರುವ 1,695ನ್ನು ಕಳೆದರೆ ಕಟ್ಟಬೇಕಾದದ್ದು 315 ರೂಪಾಯಿ. ಕೇಂದ್ರಕ್ಕೆ 157.50, ರಾಜ್ಯಕ್ಕೆ 157.50. ಕೆಲವರು ಪ್ರತಿ ಸಾಲಿನಲ್ಲೂ ಕಳೆದು ನೋಡಿದರು. ಶೇ. 12ರ ಸಾಲಿನಲ್ಲಿ 540ರಿಂದ 720 ಕಳೆದಾಗ −180 ಬಂತು. “ಹಾಗಾದರೆ ಸರ್ಕಾರ ಅವರಿಗೆ 180 ವಾಪಸ್ ಕೊಡುತ್ತದಾ ಮಿಸ್?” ಎಂಬುದು ಅವರ ಪ್ರಶ್ನೆ.

ಕೊಡುವುದಿಲ್ಲ. ಖರೀದಿಯ ತೆರಿಗೆಯ ಜಮೆಗೆ ದರದ ಗುರುತು ಇರುವುದಿಲ್ಲ. ಎಲ್ಲ ದರಗಳ ಜಮೆಯೂ ಒಂದೇ ಖಾತೆಗೆ ಸೇರಿ, ಅಲ್ಲಿಂದ ಯಾವ ದರದ ಮಾರಾಟದ ತೆರಿಗೆಗಾದರೂ ಹೋಗುತ್ತದೆ. ಶೇ. 12 ಕೊಟ್ಟು ತಂದ ಪೆಟ್ಟಿಗೆಗಳಲ್ಲಿ ಕೆಲವು 22ರ ನಂತರ ಶೇ. 5ರಲ್ಲಿ ಮಾರಾಟವಾದದ್ದರಿಂದ ಒಂದು ಸಾಲಿನಲ್ಲಿ ಕೊರತೆ, ಇನ್ನೊಂದರಲ್ಲಿ ಹೆಚ್ಚಳ ಕಾಣುತ್ತದೆ. 225, −180 ಮತ್ತು 270 ಕೂಡಿದರೆ ಅದೇ 315. ದರವಾರು ಗುಂಪು ಬೇಕಿರುವುದು ಮಾರಾಟವನ್ನು ತೋರಿಸಲು ಮತ್ತು ತಾಳೆ ನೋಡಲು. ಕಳೆಯುವುದನ್ನು ಒಟ್ಟಿನ ಸಾಲಿನಲ್ಲಿ ಮಾತ್ರ ಮಾಡಬೇಕು.

ಕಂಪ್ಯೂಟರ್ ಇದ್ದರೆ

ಎಕ್ಸೆಲ್‌ನಲ್ಲಿ ದರ D ಕಾಲಂ, ಮೊತ್ತ E ಕಾಲಂ ಆಗಿದ್ದರೆ ಶೇ. 12ರ ಮೊತ್ತಕ್ಕೆ ಈ ಸೂತ್ರ ಸಾಕು:

```
=SUMIFS(E:E,D:D,12)
```

ಒಂದು ಎಚ್ಚರಿಕೆ ಬೇಕು. ಕೆಲವು ಸಾಲುಗಳಲ್ಲಿ 12 ಎಂದೂ ಕೆಲವದರಲ್ಲಿ 12% ಎಂದೂ ಟೈಪ್ ಮಾಡಿದರೆ ಎರಡನೆಯದನ್ನು ಯಂತ್ರ 0.12 ಎಂದು ಇಟ್ಟುಕೊಳ್ಳುತ್ತದೆ. ಆ ಸಾಲುಗಳು ಯಾವ ಗುಂಪಿಗೂ ಸೇರದೆ ಬಿಟ್ಟುಹೋಗುತ್ತವೆ, ತಪ್ಪಿನ ಸೂಚನೆಯೂ ಬರುವುದಿಲ್ಲ. ಗುಂಪುಗಳ ಒಟ್ಟು E ಕಾಲಂನ ಒಟ್ಟಿಗೆ ಸಮನಾಗಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ.

ಮೊದಲ ತರಗತಿ ಚೀಟಿ ವಿಂಗಡಣೆಗೂ ಕೂಡುವುದಕ್ಕೂ ಸರಿಹೋಯಿತು. ಎರಡನೆಯದನ್ನು ಪೂರ್ತಿ ತಾಳೆಗೆ ಇಟ್ಟುಕೊಂಡೆ. ಮೌಲ್ಯಮಾಪನಕ್ಕೆ ಹೊಸ ಲೆಕ್ಕ ಕೊಡದೆ, ಒಂದೇ ಒಂದು ತಪ್ಪು ಇರುವ ಸಿದ್ಧ ಗೋಷ್ವಾರೆಯನ್ನೂ ಅದರ ವಹಿಯನ್ನೂ ಕೊಟ್ಟು, ಯಾವ ತಾಳೆ ಮುರಿದಿದೆ, ಎಷ್ಟು ರೂಪಾಯಿಗೆ ಮುರಿದಿದೆ, ಅದರಿಂದ ತಪ್ಪು ಯಾವ ಸಾಲಿನಲ್ಲಿದೆ ಎಂದು ಬರೆಯಲು ಹೇಳಿದೆ. ಇದನ್ನು ಮಾಡಿಸುವವರು ತಪ್ಪನ್ನು ಕ್ರೆಡಿಟ್ ನೋಟಿನಲ್ಲಾಗಲಿ ತೆರಿಗೆ ಸೇರಿದ ಬೆಲೆಯಲ್ಲಾಗಲಿ ಇಡುವುದು ಒಳ್ಳೆಯದು. ದರದ ತಾಳೆಯೊಂದನ್ನೇ ನೋಡಿ ‘ಸರಿ’ ಎಂದು ಗುರುತು ಹಾಕುವವರು ಯಾರು, ಎರಡನ್ನೂ ನೋಡುವವರು ಯಾರು ಎಂಬುದು ಅಲ್ಲಿ ಬೇರೆಯಾಗುತ್ತದೆ.