ಹುಟ್ಟಿದ ದಿನಾಂಕ ಒತ್ತಿದ್ದು ನಾನೇ: ಮಕ್ಕಳ ಅಕೌಂಟಿನ ವಯಸ್ಸು ಯಾಕೆ ನಂಬುವ ಹಾಗಿಲ್ಲ?

ಇವತ್ತಿನ ಎಪಿಸೋಡ್ ಶುರು ಮಾಡುವ ಮೊದಲು ಒಂದು ತಪ್ಪು ಒಪ್ಪಿಕೊಳ್ತೇನೆ.

2023ರ ಮೇ ತಿಂಗಳು. ಶಾಲೆಗೆ ರಜೆ. ನಾನು ಮಟ್ಟುವಿನಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಭಾವ ಇರುವುದು ಮುಂಬೈಯಲ್ಲಿ, ಹೋಟೆಲ್ ಕೆಲಸ. ಮನೆಯಲ್ಲಿ ಅಕ್ಕ, ಅಜ್ಜಿ ಮತ್ತು ಅಕ್ಕನ ಮಗ. ಹುಡುಗನಿಗೆ ಆಗ 8 ವರ್ಷ 9 ತಿಂಗಳು. ಅಕ್ಕನ ಹಳೆಯ ಫೋನ್ ಹಿಡ್ಕೊಂಡು ಬಂದ. "ಮಾಮ, ಈ ಗೇಮ್ ಓಪನ್ ಆಗುದಿಲ್ಲ, ಎಂತ ಒತ್ತುದು?" ಅಂತ ಕೇಳಿದ. ನೋಡಿದರೆ ಹುಟ್ಟಿದ ದಿನಾಂಕ ಕೇಳ್ತಾ ಉಂಟು. ಅವನು ಹುಟ್ಟಿದ್ದು 2014ರ ಆಗಸ್ಟಿನಲ್ಲಿ. ಅದನ್ನೇ ಹಾಕಿ ನೋಡಿದೆ, ಒಳಗೆ ಬಿಡ್ಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿ 2010ರ ಜನವರಿ 1 ಅಂತ ಒತ್ತಿದೆ. ಅಕೌಂಟ್ ತೆರೆಯಿತು, ಹುಡುಗ ಖುಷಿಯಲ್ಲಿ ಓಡಿದ. ಎಲ್ಲ ಸೇರಿ ಅರ್ಧ ನಿಮಿಷದ ಕೆಲಸ.

ಮರೆತೇ ಬಿಟ್ಟಿದ್ದೆ. ಮೊನ್ನೆ ಒಂದು ರಾತ್ರಿ ಅವನು ಫೋನ್ ಮಾಡಿ, "ಮಾಮ, ಗೇಮಲ್ಲಿ ಒಬ್ಬರು ನನ್ನ ಶಾಲೆ ಯಾವುದು ಅಂತ ಕೇಳ್ತಿದ್ದಾರೆ, ಫೋಟೊನೂ ಬೇಕಂತೆ. ಹೇಳಬಹುದಾ?" ಅಂದ. ಅವನಿಗೆ ಈಗ 11 ವರ್ಷ. "ಏನೂ ಹೇಳ್ಬೇಡ, ಫೋನ್ ಅಮ್ಮನ ಕೈಗೆ ಕೊಡು" ಅಂದೆ. ಮರುದಿನ ಹೋಗಿ ಸೆಟ್ಟಿಂಗ್ಸ್ ತೆರೆದು ನೋಡಿದಾಗ ಗೊತ್ತಾಯಿತು. 13 ತುಂಬದವರಿಗೆ ಆ ಗೇಮಿನಲ್ಲಿ ಅಪರಿಚಿತರ ಚಾಟ್ ಮುಚ್ಚಿಯೇ ಇರುತ್ತದೆ. ಇವನಿಗೆ ತೆರೆದಿತ್ತು. ಯಾಕೆಂದರೆ ಗೇಮಿನ ಲೆಕ್ಕದಲ್ಲಿ ಇವನಿಗೆ 13 ದಾಟಿ ಕೆಲವು ವರ್ಷ ಆಗಿದೆ. ತೆರೆದುಕೊಟ್ಟದ್ದು ನಾನೇ.

ಹಾಗಾಗಿ ಇವತ್ತಿನ ವಿಷಯ ಇದು. ಈ 13 ಎಲ್ಲಿಂದ ಬಂತು, ಮತ್ತು ಮಗು ತಾನೇ ಹೇಳುವ ಹುಟ್ಟಿದ ದಿನಾಂಕ ಯಾಕೆ ಕೆಲಸಕ್ಕೆ ಬರುವುದಿಲ್ಲ?

ಮೊದಲು 13ರ ಕತೆ. ಯಾವುದೋ ಮನಶ್ಶಾಸ್ತ್ರಜ್ಞರು ಕೂತು "13ಕ್ಕೆ ಮಗು ತಯಾರಾಗುತ್ತದೆ" ಅಂತ ಹೇಳಿದ ಸಂಖ್ಯೆ ಇದು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ ಮಾರಾಯ್ರೆ. ಅಮೆರಿಕದಲ್ಲಿ 1998ರಲ್ಲಿ ಕೊಪ್ಪಾ ಎಂಬ ಕಾನೂನು ಆಯಿತು, ಜಾರಿಗೆ ಬಂದದ್ದು 2000ದಲ್ಲಿ. 13 ತುಂಬದ ಮಗುವಿನ ಮಾಹಿತಿ ಸಂಗ್ರಹಿಸಬೇಕಾದರೆ ತಂದೆ ತಾಯಿಯ ಒಪ್ಪಿಗೆಯನ್ನು ಖಚಿತ ಮಾಡಿಕೊಳ್ಳಬೇಕು ಎನ್ನುವುದು ಅದರ ಮುಖ್ಯ ನಿಯಮ. ಒಪ್ಪಿಗೆ ಪಡೆಯುವುದು ಕಂಪನಿಗಳಿಗೆ ಖರ್ಚಿನ, ಕಿರಿಕಿರಿಯ ಕೆಲಸ. ಅದಕ್ಕಿಂತ "13ರ ಒಳಗಿನವರಿಗೆ ಪ್ರವೇಶವಿಲ್ಲ" ಅಂತ ಬರೆದು ಬಿಡುವುದು ಸುಲಭ. ಕಂಪನಿಗಳು ಹೆಚ್ಚಾಗಿ ಅಮೆರಿಕದವು, ಅದೇ ನಿಯಮ ಅವುಗಳ ಜೊತೆ ನಮ್ಮ ಫೋನಿಗೂ ಬಂತು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಎಲ್ಲರಿಗಾಗಿ ಇರುವ ಒಂದು ಸೈಟಿನ ಮೇಲೆ ಆ ಕಾನೂನಿನ ಭಾರ ಬೀಳುವುದು, ಎದುರಿಗೆ ಇರುವುದು ಮಗು ಅಂತ ಸೈಟಿಗೆ ನಿಜವಾಗಿ ಗೊತ್ತಿದ್ದಾಗ. ಗೊತ್ತಿಲ್ಲದಿದ್ದರೆ ಭಾರ ಇಲ್ಲ. ಹಾಗಾದ ಮೇಲೆ ತಿಳಿದುಕೊಳ್ಳುವ ಗಡಿಬಿಡಿ ಯಾರಿಗೆ? ಒಂದು ಖಾಲಿ ಜಾಗ ಇಟ್ಟು ದಿನಾಂಕ ಕೇಳಿದರೆ ಸಾಕು. ಏನು ತುಂಬುತ್ತಾರೋ ಅದೇ ವಯಸ್ಸು.

ಈಗ ತುಂಬುವವರ ಕಡೆಯಿಂದ ನೋಡುವ. ನಮ್ಮ ಊರಿನಲ್ಲಿ ಇದು ಹೊಸದಲ್ಲ. ನನ್ನ ಅಪ್ಪನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನ ಜೂನ್ 1. ಅಜ್ಜಿಯನ್ನು ಕೇಳಿದರೆ, "ಅವ ಹುಟ್ಟಿದ್ದು ಆಟಿ ತಿಂಗಳ ಮಳೆಗೆ" ಅಂತಾರೆ. ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನೊಳಗೆ. ನಿಮ್ಮ ಮನೆಯ ಹಿರಿಯರ ದಾಖಲೆಯನ್ನೂ ತೆಗೆದು ನೋಡಿ, ಜೂನ್ 1 ಸಿಕ್ಕರೆ ಆಶ್ಚರ್ಯ ಬೇಡ. ಶಾಲೆ ಶುರುವಾಗುವುದು ಜೂನಿನಲ್ಲಿ. ಸೇರಿಸಲು ಇಷ್ಟು ವರ್ಷ ತುಂಬಿರಬೇಕು ಅಂತ ನಿಯಮ. ಮೇಷ್ಟ್ರು ವಯಸ್ಸು ಹೊಂದುವ ಒಂದು ದಿನಾಂಕ ಬರೆದರು, ಮಗು ಒಳಗೆ ಹೋಯಿತು. ಬಾಗಿಲು ಯಾವ ವಯಸ್ಸು ಕೇಳುತ್ತದೋ, ದಿನಾಂಕ ಆ ಕಡೆಗೆ ಜರುಗುತ್ತದೆ.

ಆದರೆ ಶಾಲೆಗೂ ಫೋನಿಗೂ ಒಂದು ವ್ಯತ್ಯಾಸ ಇದೆ. ಈಗ ಶಾಲೆಗೆ ಜನನ ಪ್ರಮಾಣಪತ್ರ ತೋರಿಸಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ ಸೇರಲು ಅದೇ ದಾಖಲೆ ಅಂತ ಕೇಂದ್ರದ ಕಾನೂನೇ ಹೇಳುತ್ತದೆ. ಎದುರಿಗೆ ಮಗು ನಿಂತಿರುತ್ತದೆ, ಟೀಚರ್ ಕಣ್ಣಾರೆ ನೋಡುತ್ತಾರೆ. ಫೋನಿನಲ್ಲಿ ಕಾಗದವೂ ಇಲ್ಲ, ಕಣ್ಣೂ ಇಲ್ಲ. ಒಟಿಪಿ ಬರುತ್ತದಲ್ಲ ಅಂತ ಕೇಳಬಹುದು. ಒಟಿಪಿ ಹೇಳುವುದು ಸಿಮ್ ಯಾವ ಫೋನಿನಲ್ಲಿದೆ ಅಂತ ಮಾತ್ರ. ಫೋನ್ ಯಾರ ಕೈಯಲ್ಲಿದೆ ಅಂತ ಅಲ್ಲ. ಅಕ್ಕನ ಫೋನಿಗೆ ಬಂದ ಒಟಿಪಿ ಓದಿದ್ದು 8 ವರ್ಷದ ಹುಡುಗ.

ಇನ್ನು ನಾನು ಮಾಡಿದ ತಪ್ಪಿನ ಲೆಕ್ಕ. ನಾನು ಬಿಕಾಂ ಓದಿದವ, ಲೆಕ್ಕ ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ. ಓಪನಿಂಗ್ ಬ್ಯಾಲೆನ್ಸ್ ತಪ್ಪಾಗಿ ಬರೆದರೆ ಏನಾಗುತ್ತದೆ? ಮುಂದಿನ ಪ್ರತಿ ವರ್ಷದ ಲೆಕ್ಕವೂ ಅಷ್ಟೇ ತಪ್ಪಿರುತ್ತದೆ. ಹುಟ್ಟಿದ ದಿನಾಂಕವೂ ಹಾಗೆಯೇ. ಅಕೌಂಟ್ ತೆರೆದ ದಿನ ಹೇಳಿದ ಸುಳ್ಳು ಅಲ್ಲಿಗೇ ಮುಗಿಯುವುದಿಲ್ಲ, ಪ್ರತಿ ಹುಟ್ಟುಹಬ್ಬಕ್ಕೂ ಹುಡುಗನ ಜೊತೆ ಅದೂ ಬೆಳೆಯುತ್ತದೆ.

ನಾನು ಕೊಟ್ಟದ್ದು 2010ರ ಜನವರಿ 1. ಅವನು ಹುಟ್ಟಿದ್ದು 2014ರ ಆಗಸ್ಟ್. ವ್ಯತ್ಯಾಸ ಸುಮಾರು 4 ವರ್ಷ 7 ತಿಂಗಳು. ಆ ಅಕೌಂಟಿಗೆ 18 ತುಂಬುವುದು 2028ರ ಜನವರಿ 1ಕ್ಕೆ. ಅವತ್ತು ಹುಡುಗನಿಗೆ 13 ವರ್ಷ, ಮೇಲೆ ನಾಲ್ಕೂವರೆ ತಿಂಗಳು. ಅಂದರೆ ಅವನು ನಿಜವಾಗಿ 13 ತುಂಬಿ, ನಿಯಮದ ಪ್ರಕಾರ ಈಗಷ್ಟೇ ಒಳಗೆ ಬರಬಹುದಾದ ಹೊತ್ತಿಗೆ, ಅವನ ಅಕೌಂಟ್ ವಯಸ್ಕರದ್ದಾಗಿರುತ್ತದೆ. ಹದಿಹರೆಯದವರಿಗೆ ಅಂತ ಇರುವ ಯಾವ ರಕ್ಷಣೆಯೂ ಅವನಿಗೆ ಇರುವುದಿಲ್ಲ. ರಕ್ಷಣೆ ಬೇಕಾದ ವಯಸ್ಸಿನಲ್ಲೇ ಅದು ಇಲ್ಲ.

ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ. ಬ್ರಿಟನ್ನಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಸೋಷಿಯಲ್ ಮೀಡಿಯಾ ಪ್ರೊಫೈಲ್ ಇರುವ 8ರಿಂದ 17 ವರ್ಷದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರ ವಯಸ್ಸು ಅಕೌಂಟಿನಲ್ಲಿ 18 ಅಥವಾ ಅದಕ್ಕಿಂತ ಹೆಚ್ಚು ಇತ್ತು.

ರಕ್ಷಣೆ ಅಂದರೆ ಎಂತದ್ದು? ಇನ್‌ಸ್ಟಾಗ್ರಾಂ 2025ರ ಫೆಬ್ರವರಿಯಲ್ಲಿ ಭಾರತಕ್ಕೂ ಟೀನ್ ಅಕೌಂಟ್ ತಂದಿತು. ಅದರಲ್ಲಿ ಅಕೌಂಟ್ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಪರಿಚಯ ಇಲ್ಲದವರು ಮೆಸೇಜ್ ಮಾಡಲು ಆಗುವುದಿಲ್ಲ, 16ರ ಒಳಗಿನವರು ಅದನ್ನು ಸಡಿಲಿಸಬೇಕಾದರೆ ಮನೆಯವರ ಅನುಮತಿ ಬೇಕು. ಬಿಜಿಎಂಐ 2021ರಲ್ಲಿ ಬಂದಾಗ 18ರ ಒಳಗಿನವರಿಗೆ ದಿನಕ್ಕೆ 3 ಗಂಟೆ ಆಟ, 7000 ರೂಪಾಯಿ ಖರ್ಚು ಅಂತ ಮಿತಿ ಇಟ್ಟಿತ್ತು. ಇವು ಎಲ್ಲವೂ ನಿಂತಿರುವುದು ಅದೇ ಒಂದು ದಿನಾಂಕದ ಮೇಲೆ. ದಿನಾಂಕ ಸುಳ್ಳಾದರೆ ನಿಯಮ ಇದ್ದೂ ಇಲ್ಲದ ಹಾಗೆ.

ಹಾಗಾದರೆ ಮಿತಿಯನ್ನು ಹೆಚ್ಚಿಸಿದರೆ? 2023ರ ಸೆಪ್ಟೆಂಬರಿನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ಕೇಳುತ್ತಿದ್ದಾಗ ಕರ್ನಾಟಕ ಹೈಕೋರ್ಟಿನ ಪೀಠ, ಸೋಷಿಯಲ್ ಮೀಡಿಯಾ ಬಳಸಲು ಒಂದು ವಯೋಮಿತಿ ತರುವುದು ಒಳ್ಳೆಯದು ಅಂತ ಮೌಖಿಕವಾಗಿ ಹೇಳಿತ್ತು. 18 ಅಥವಾ 21 ಎಂಬ ಮಾತೂ ಅಲ್ಲಿ ಬಂತು. ಆಸ್ಟ್ರೇಲಿಯದಲ್ಲಿ 2025ರ ಡಿಸೆಂಬರ್ 10ರಿಂದ 16ರ ಒಳಗಿನವರಿಗೆ ಅಕೌಂಟ್ ಇಲ್ಲ. ಅಲ್ಲಿ ಬದಲಾದದ್ದು ಸಂಖ್ಯೆ ಮಾತ್ರ ಅಲ್ಲ. ವಯಸ್ಸು ನೋಡಿಕೊಳ್ಳುವ ಹೊಣೆ ಕಂಪನಿಯದ್ದು, ಬಳಕೆದಾರ ಹೇಳಿದ ದಿನಾಂಕವನ್ನು ನಂಬಿದೆ ಅಂದರೆ ಸಾಲದು.

ನಮ್ಮಲ್ಲಿ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಗು ಅಂದರೆ 18 ತುಂಬದವರು. ಅವರ ಮಾಹಿತಿ ಬಳಸಲು ಹೆತ್ತವರ ಖಚಿತ ಒಪ್ಪಿಗೆ ಬೇಕು. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಒಪ್ಪಿಗೆಯ ಭಾಗ ಜಾರಿಯಾಗುವುದು ಅದಾಗಿ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ. ಒಪ್ಪಿಗೆ ಕೊಡುವವರು ನಿಜವಾಗಿ ವಯಸ್ಕರೇ ಅಂತ ಗುರುತಿನ ದಾಖಲೆಯಿಂದ ನೋಡಬೇಕು, ಡಿಜಿಲಾಕರ್ ಮೂಲಕವೂ ಆಗಬಹುದು.

ಒಳ್ಳೆಯದೇ. ಆದರೆ ಆ ನಿಯಮದಲ್ಲಿ ಕೊಟ್ಟ ಉದಾಹರಣೆ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಂದು ಮಗು ಅಕೌಂಟ್ ತೆರೆಯಲು ಬರುತ್ತದೆ, ತಾನು ಮಗು ಅಂತ ಕಂಪನಿಗೆ ತಿಳಿಸುತ್ತದೆ, ಆಮೇಲೆ ಕಂಪನಿ ಹೆತ್ತವರನ್ನು ಪರೀಕ್ಷಿಸುತ್ತದೆ. ದಾಖಲೆ ಕೇಳುವುದು ಅಮ್ಮನ ವಯಸ್ಸಿಗೆ. ಮಗುವಿನ ವಯಸ್ಸು ಮಗು ಹೇಳಿದ್ದೇ. "ನಾನು ಮಗು" ಅಂತ ಹೇಳದ ಹುಡುಗನ ಮನೆಗೆ ಆ ನಿಯಮ ಬರುವುದೇ ಇಲ್ಲ.

ಕೊನೆಗೆ, ನಾವು ಎಂತ ಮಾಡಿದೆವು ಅಂತ ಹೇಳ್ತೇನೆ. ನಿಮ್ಮ ಮನೆಯಲ್ಲೂ ತಮ್ಮ, ತಂಗಿ, ಅಕ್ಕನ ಮಕ್ಕಳು ಇದ್ದರೆ ಮೊದಲು ಅಕೌಂಟಿನಲ್ಲಿ ಯಾವ ದಿನಾಂಕ ಇದೆ ಅಂತ ನೋಡಿ. ಇನ್‌ಸ್ಟಾಗ್ರಾಂನಲ್ಲಾದರೆ Accounts Center ಒಳಗೆ Personal details ನಲ್ಲಿ ಸಿಗುತ್ತದೆ. ಜನವರಿ 1 ಅಂತ ಇದ್ದರೆ ಸಂಶಯ ಪಡಿ. 14 ವರ್ಷದವರ ಅಕೌಂಟ್ ಯಾರ ಅನುಮತಿಯೂ ಇಲ್ಲದೆ ಪಬ್ಲಿಕ್ ಆಗಿದ್ದರೆ, ಅಲ್ಲಿರುವ ವಯಸ್ಸು 14 ಅಲ್ಲದಿರುವ ಸಾಧ್ಯತೆಯೇ ಹೆಚ್ಚು. 13 ತುಂಬಿದವರಾದರೆ ನಿಜವಾದ ದಿನಾಂಕ ಹಾಕಿ, ಟೀನ್ ಸೆಟ್ಟಿಂಗ್ ಬರುತ್ತದೆ. ಹಾಕುವಾಗ ಎರಡು ಸಲ ನೋಡಿ. ಯಾಕೆಂದರೆ ಆಮೇಲೆ 18ರ ಮೇಲಕ್ಕೆ ಏರಿಸಬೇಕಾದರೆ ಗುರುತಿನ ಚೀಟಿ ಅಥವಾ ವಿಡಿಯೊ ಸೆಲ್ಫಿ ಕೇಳುತ್ತದೆ.

13ರ ಒಳಗಿನವರಾದರೆ ಕಷ್ಟ ಇರುವುದು ಇಲ್ಲಿ. ನಿಜ ಹೇಳಿದರೆ ಅಕೌಂಟೇ ಹೋಗಬಹುದು. ನಮ್ಮ ಹುಡುಗನದ್ದು ಹೋಯಿತು. ಎರಡೂವರೆ ವರ್ಷದ ಲೆವೆಲ್, ಕೂಡಿಸಿಟ್ಟ ಸ್ಕಿನ್, ಎಲ್ಲ. ಅವನು ಗುಳ್ಳದ ಗದ್ದೆಯ ಬದುವಿನಲ್ಲಿ ಕೂತು ಅತ್ತ. "ಸುಳ್ಳು ಹಾಕಿದ್ದು ನೀವು, ಹೋದದ್ದು ನನ್ನದು" ಅಂದ. ಉತ್ತರ ಇರ್ಲಿಲ್ಲ ನನ್ನ ಹತ್ರ.

ಸಂಜೆ ಅಕ್ಕನೇ ತನ್ನ ಫೋನಿನಿಂದ ಅವನಿಗೆ ಮಕ್ಕಳ ಅಕೌಂಟ್ ತೆರೆದಳು, ಅವಳ ನಿಗಾದಲ್ಲಿ ಇರುವಂಥದ್ದು. ಹುಟ್ಟಿದ ದಿನಾಂಕದ ಜಾಗ ಬಂದಾಗ ಫೋನ್ ಅವನ ಕೈಗೆ ಕೊಟ್ಟೆವು. 2014ರ ಆಗಸ್ಟ್ ಅಂತ ಅವನೇ ಒತ್ತಿದ. ಚಾಟ್ ಮುಚ್ಚಿದೆ. ಆಟ ಲೆವೆಲ್ ಒಂದರಿಂದ ಶುರು.

ಮತ್ತೆ ಸಿಗುವ.